ಸೆಪ್ಟೆಂಬರಿನ ಸುಗ್ಗಿ ಚಂದ್ರ, ನಮ್ಮ ಹುತ್ತರಿ ಚಂದ್ರ

ಪ್ರತಿ ವರ್ಷ ಸೆಪ್ಟೆಂಬರ್ ಇಲ್ಲವೇ ಅಕ್ಟೋಬರ್ ಮೊದಲಿನ ಹುಣ್ಣಿಮೆಗೆ ‘ಇಂದು ಸುಗ್ಗಿ ಚಂದ್ರ’ ಎಂಬ ಸುದ್ದಿ ಮೊಬೈಲಿಗೆ ಬಂದು ಬೀಳುತ್ತದೆ. ಈ ಚಂದ್ರ ದಿನಕ್ಕೆ ಇಪ್ಪತ್ತೇ ನಿಮಿಷ ತಡವಾಗಿ ಹುಟ್ಟುತ್ತದೆ ಎಂಬ ಮಾತೂ ಜೊತೆಗಿರುತ್ತದೆ. ಕೊಡಗಿನಲ್ಲಿ ಆಗ ಭತ್ತ ಇನ್ನೂ ಹಸಿರು; ನಮ್ಮ ಕೊಯ್ಲಿನ ಹಬ್ಬ ಹುತ್ತರಿ ಇನ್ನೂ ದೂರ. ಗಡಿಯಾರ ಹಿಡಿದು ಕಾದವರಿಗೆ ಆ ಇಪ್ಪತ್ತು ನಿಮಿಷವೂ ಸಿಗುವುದಿಲ್ಲ. ಸುದ್ದಿಯೂ ಸುಳ್ಳಲ್ಲ, ಗಡಿಯಾರವೂ ಕೆಟ್ಟಿಲ್ಲ. ಲೆಕ್ಕ ಬೇರೆ ಊರಿನದು, ಅಷ್ಟೆ.

ಚಂದ್ರ ಸಾಮಾನ್ಯವಾಗಿ ದಿನಕ್ಕೆ ಐವತ್ತು ನಿಮಿಷ ತಡವಾಗಿ ಹುಟ್ಟುತ್ತದೆ; ಮೊದಲು ಅದು ಏಕೆಂದು ನೋಡೋಣ. ಚಂದ್ರ ದಿನಕ್ಕೆ ಸೂರ್ಯನಿಂದ ಸರಾಸರಿ 12.2 ಡಿಗ್ರಿ ಪೂರ್ವಕ್ಕೆ ದೂರವಾಗುತ್ತದೆ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ಹಾಗಾಗಿ ನಿನ್ನೆಯ ಹೊತ್ತಿಗೆ ಚಂದ್ರ ಇನ್ನೂ ದಿಗಂತದ ಕೆಳಗಿರುತ್ತದೆ; ಅದು ಮೇಲೆ ಬರಲು ಭೂಮಿ ಇನ್ನೂ 49 ನಿಮಿಷ ತಿರುಗಬೇಕು. ಅಷ್ಟರಲ್ಲಿ ಅದು ಮತ್ತೂ ಸ್ವಲ್ಪ ಸರಿದಿರುವುದರಿಂದ ಲೆಕ್ಕ ಐವತ್ತು ದಾಟುತ್ತದೆ. ನಮ್ಮ ಪಂಚಾಂಗಕ್ಕೆ ಇದು ಹೊಸದಲ್ಲ. ಸೂರ್ಯ ಚಂದ್ರರ ನಡುವೆ 12 ಡಿಗ್ರಿ ಅಂತರ ಬೆಳೆದರೆ ಒಂದು ತಿಥಿ. ಹನ್ನೆರಡು ನಾಲ್ಕಲಿ ನಲವತ್ತೆಂಟು ನಿಮಿಷ, ಅಂದರೆ ಸರಿಯಾಗಿ ಎರಡು ಗಳಿಗೆ.

ಈ ಸರಾಸರಿ ವರ್ಷವಿಡೀ ಒಂದೇ ಸಮ ಇರುವುದಿಲ್ಲ ಎಂಬುದೂ ಹಳೆಯ ತಿಳಿವಳಿಕೆಯೇ. ಬ್ಯಾಬಿಲೋನಿನವರು ಎರಡೂವರೆ ಸಾವಿರ ವರ್ಷಗಳ ಹಿಂದೆಯೇ ಹುಣ್ಣಿಮೆಯ ಆಸುಪಾಸಿನಲ್ಲಿ ಸೂರ್ಯಾಸ್ತಕ್ಕೂ ಚಂದ್ರೋದಯಕ್ಕೂ ನಡುವಿನ ಅಂತರವನ್ನು ಅಳೆದು ಮಣ್ಣಿನ ಹಲಗೆಗಳ ಮೇಲೆ ಬರೆದಿಟ್ಟರು. ಮುಂದೆ ‘ಸುಗ್ಗಿ ಚಂದ್ರ’ದ ಮಾತಿಗೆ ಗಟ್ಟಿ ವಿವರಣೆ ಕೊಟ್ಟವರಲ್ಲಿ ಜೇಮ್ಸ್ ಫರ್ಗುಸನ್ ಒಬ್ಬ. ಸ್ಕಾಟ್‌ಲೆಂಡಿನ ಈತ ಹುಡುಗನಾಗಿದ್ದಾಗ ಕುರಿ ಕಾಯುತ್ತಿದ್ದ. ರಾತ್ರಿ ಹೊಲದಲ್ಲಿ ಮಲಗಿ, ದಾರಕ್ಕೆ ಮಣಿ ಪೋಣಿಸಿ ನಕ್ಷತ್ರಗಳ ಅಂತರ ಅಳೆಯುತ್ತಿದ್ದ. 1747ರಲ್ಲಿ ಈ ಚಂದ್ರದ ಬಗ್ಗೆಯೇ ಒಂದು ಪ್ರಬಂಧ ಪ್ರಕಟಿಸಿದ. ಅವನ ನಾಡಿನಲ್ಲಿ ಕೊಯ್ಲು ಬರುವುದೇ ಸೆಪ್ಟೆಂಬರಿನಲ್ಲಿ. ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೇ ಸತತ ನಾಲ್ಕಾರು ದಿನ ಬೆಳದಿಂಗಳು ಸಿಕ್ಕರೆ ಕೊಯ್ಯುವವರು ಕುಡುಗೋಲು ಕೆಳಗಿಡಬೇಕಿಲ್ಲ.

ಕಾರಣ ಹೀಗಿದೆ. ಸೆಪ್ಟೆಂಬರಿನ ಹುಣ್ಣಿಮೆ ಚಂದ್ರ ಆಕಾಶದ ಮಧ್ಯರೇಖೆ ದಾಟಿ ಉತ್ತರಕ್ಕೆ ಏರುವ ಜಾಗದಲ್ಲಿರುತ್ತದೆ. ಪೂರ್ವಕ್ಕೆ ಸರಿಯುವುದರ ಜೊತೆಗೆ ದಿನಕ್ಕೆ ಸುಮಾರು ಐದು ಡಿಗ್ರಿ ಉತ್ತರಕ್ಕೂ ಹೋಗುತ್ತದೆ. ಹೀಗೆ ಓರೆಯಾಗಿ ಸಾಗುವುದರಿಂದ ಪೂರ್ವದ ನಡೆ ಸರಾಸರಿಗಿಂತ ಸ್ವಲ್ಪ ಕಡಿಮೆ; ಅಷ್ಟನ್ನೇ ಹಿಡಿದರೆ 46 ನಿಮಿಷ ತಡವಾಗಬೇಕು. ಆದರೆ ಉತ್ತರಕ್ಕೆ ಸರಿದದ್ದು ಉತ್ತರದ ನಾಡುಗಳಲ್ಲಿ ಬೇಗ ಹುಟ್ಟುತ್ತದೆ, ಮತ್ತು ಊರು ಉತ್ತರಕ್ಕಿದ್ದಷ್ಟೂ ಈ ಲಾಭ ಹೆಚ್ಚು. ಲಂಡನ್ನಿನಲ್ಲಿ ಅದು ಸುಮಾರು 27 ನಿಮಿಷ. ಹಾಗಾಗಿ ಉಳಿಯುವುದು 19. ಕೊಡಗು ಇರುವುದು ಹನ್ನೆರಡೂವರೆ ಡಿಗ್ರಿ ಅಕ್ಷಾಂಶದ ಹತ್ತಿರ. ಇಲ್ಲಿನ ಲಾಭ ಐದೇ ನಿಮಿಷ, ಉಳಿಯುವುದು 41. ಮಾರ್ಚ್ ಹುಣ್ಣಿಮೆಯಲ್ಲಿ ಚಂದ್ರ ದಕ್ಷಿಣಕ್ಕೆ ಇಳಿಯುವುದರಿಂದ ಎಲ್ಲ ತಿರುಗುಮುರುಗು: ಲಂಡನ್ನಿನಲ್ಲಿ ಒಂದೂಕಾಲು ಗಂಟೆಯ ಹತ್ತಿರ, ನಮ್ಮಲ್ಲಿ 51 ನಿಮಿಷ. ಇವು ಸರಾಸರಿಗಳು. ಚಂದ್ರ ಭೂಮಿಗೆ ಹತ್ತಿರವಿದ್ದಾಗ ಬೇಗ ಓಡುತ್ತದೆ, ದೂರವಿದ್ದಾಗ ನಿಧಾನ. ಅದರಿಂದ ನಮ್ಮಲ್ಲಿ ಐದಾರು ನಿಮಿಷ ಆಚೀಚೆ ಆಗಬಹುದು.

ಹಾಗಾದರೆ ನಮ್ಮ ಕೊಯ್ಲಿನ ಚಂದ್ರ? ಹುತ್ತರಿ ಬರುವುದು ನವೆಂಬರ್ ಕೊನೆ ಇಲ್ಲವೇ ಡಿಸೆಂಬರಿನಲ್ಲಿ, ರೋಹಿಣಿ ನಕ್ಷತ್ರ ಮತ್ತು ಹುಣ್ಣಿಮೆಯ ಲೆಕ್ಕದಲ್ಲಿ. ರೋಹಿಣಿಯ ಬಳಿ ಬರುವ ಹೊತ್ತಿಗೆ ಚಂದ್ರ ಉತ್ತರದ ತುದಿ ಸಮೀಪಿಸಿರುತ್ತದೆ. ಉತ್ತರದ ನಡೆ ದಿನಕ್ಕೆ ಎರಡು ಡಿಗ್ರಿಗೆ ಇಳಿದು, ಮಿಕ್ಕದ್ದೆಲ್ಲ ಪೂರ್ವಕ್ಕೇ ಆಗುತ್ತದೆ. ತಡ ಸುಮಾರು 52 ನಿಮಿಷ. ಅಂದರೆ ನಮ್ಮ ಸುಗ್ಗಿ ಚಂದ್ರಕ್ಕೆ ಆ ಹೆಸರಾಂತ ರಿಯಾಯಿತಿ ಇಲ್ಲವೇ ಇಲ್ಲ, ಬೇಕಾಗಿಯೂ ಇಲ್ಲ. ಎಲೆಗಳ ‘ನೆರೆ’ ಕಟ್ಟಿ, ‘ಪೊಲಿ ಪೊಲಿ ದೇವಾ’ ಎನ್ನುತ್ತ ಕದಿರು ತೆಗೆಯುವುದು ಒಂದೇ ರಾತ್ರಿಯ ಕೆಲಸ. ರೋಹಿಣಿ ಹುಣ್ಣಿಮೆಯ ಮಾರನೆಯ ದಿನ ಬಿದ್ದರೂ ಏಳರ ಆಸುಪಾಸಿಗೆ ಚಂದ್ರ ಮೇಲೆ ಬಂದಿರುತ್ತದೆ. ಅಕ್ಕಿ ಹಿಟ್ಟಿನ ತಂಬಿಟ್ಟು ತಿನ್ನುವ ಹೊತ್ತಿಗಂತೂ ಗದ್ದೆ ತುಂಬ ಬೆಳಕು. ಸೆಪ್ಟೆಂಬರಿನ ಹೆಸರನ್ನು ಹಾಗೇ ಎತ್ತಿ ತಂದು ಇಲ್ಲಿ ನೆಡುವುದಕ್ಕಿಂತ ಇದನ್ನು ಇದರ ಹೆಸರಿನಲ್ಲೇ ಕರೆಯುವುದು ಸರಿಯೆನಿಸುತ್ತದೆ.

ಅಳೆದು ನೋಡುವವರು ಬೆಟ್ಟದ ಬಗ್ಗೆ ಎಚ್ಚರವಿರಲಿ. ಪೂರ್ವಕ್ಕೆ ಐದು ಡಿಗ್ರಿ ಎತ್ತರದ ಬೆಟ್ಟವಿದ್ದರೆ ಚಂದ್ರ ಕಾಣಲು ಇಪ್ಪತ್ತು ನಿಮಿಷ ಹೆಚ್ಚು ಬೇಕು. ಅದು ದಿನವೂ ಒಂದೇ ಆದರೆ ಕಳೆದುಹೋಗುತ್ತದೆ. ಆದರೆ ಸೆಪ್ಟೆಂಬರಿನಲ್ಲಿ ಹುಟ್ಟುವ ಜಾಗ ದಿನಕ್ಕೆ ಐದು ಡಿಗ್ರಿ ಎಡಕ್ಕೆ ಜರುಗುತ್ತದೆ. ಅಲ್ಲಿ ಬೆಟ್ಟ ಎರಡು ಡಿಗ್ರಿ ತಗ್ಗಿದ್ದರೂ ಎಂಟು ನಿಮಿಷ ತಪ್ಪುತ್ತದೆ. 41ಕ್ಕೂ 51ಕ್ಕೂ ಇರುವ ವ್ಯತ್ಯಾಸದ ಬಹುಪಾಲನ್ನು ನುಂಗಲು ಅಷ್ಟು ಸಾಕು. ಅಂಗಳದಲ್ಲಿ ನಿಂತು ಕಾಡಿನ ಮರೆಯಿಂದ ಬರೆದುಕೊಂಡ ಅಂಕಿಗಳು ಒಂದಕ್ಕೊಂದು ಹೊಂದದಿರುವುದು ಹೆಚ್ಚಾಗಿ ಇದರಿಂದಲೇ. ಪೂರ್ವ ದಿಕ್ಕು ಬಯಲಾಗಿರುವ ಕುಶಾಲನಗರದ ಕಡೆ ಹೋಗಿ, ಒಂದೇ ಜಾಗದಲ್ಲಿ ನಿಂತು, ಮೂರು ಸಂಜೆ ಚಂದ್ರದ ಮೇಲಂಚು ಕಂಡ ಕ್ಷಣವನ್ನು ಗುರುತು ಹಾಕಿಕೊಂಡರೆ ಕೊಡಗಿನ ಅಂಕಿ ಸಿಗುತ್ತದೆ.