ಸರಳ ಇಂಗ್ಲಿಷ್ ಬರೆದವರ ಮೇಲೆ ಎಐ ಡಿಟೆಕ್ಟರ್‌ಗೆ ಅನುಮಾನ ಯಾಕೆ?

ಬೆಂಗಳೂರಿನ ಒಂದು ಕಾಲೇಜಿನಲ್ಲಿ ಬಿ.ಕಾಂ. ಓದುವ ಹುಡುಗಿಯೊಬ್ಬಳು ಬೆಳ್ಳಂದೂರು ಕೆರೆಯ ಬಗ್ಗೆ ಇಂಗ್ಲಿಷಿನಲ್ಲಿ ಅಸೈನ್‌ಮೆಂಟ್ ಬರೆದಳು. ಹತ್ತನೇ ಕ್ಲಾಸಿನವರೆಗೆ ಅವಳದು ಕನ್ನಡ ಮೀಡಿಯಂ. ಅವಳ ರಫ್ ಬುಕ್ ನೋಡಿದೆ. ಕೆರೆಯ ನೊರೆಗೆ ಮೊದಲು ‘ಫ್ರಾತ್’ ಅಂತ ಬರೆದು, ಸರಿಯೋ ತಪ್ಪೋ ಅಂತ ಅನುಮಾನ ಬಂದು, ಹೊಡೆದುಹಾಕಿ ‘ವೈಟ್ ಫೋಮ್’ ಮಾಡಿದ್ದಾಳೆ. ಉದ್ದ ವಾಕ್ಯಗಳನ್ನು ಎರಡಾಗಿ ಕತ್ತರಿಸಿದ್ದಾಳೆ. ತಪ್ಪಾಗಬಾರದು ಅಂತ, ಖಂಡಿತ ಗೊತ್ತಿರುವ ಪದಗಳನ್ನಷ್ಟೇ ಉಳಿಸಿಕೊಂಡಿದ್ದಾಳೆ. ಎಐ ಡಿಟೆಕ್ಟರ್ ಮಾತ್ರ, ಇದರಲ್ಲಿ ಬಹುಪಾಲು ಯಂತ್ರ ಬರೆದದ್ದು ಅಂದಿತು. ಅವಳನ್ನು ಸಿಕ್ಕಿಹಾಕಿಸಿದ್ದು ಆ ಎಚ್ಚರಿಕೆಯೇ.

ಡಿಟೆಕ್ಟರ್ ಚಾಟ್‌ಜಿಪಿಟಿಯ ಕೈಬರಹ ಗುರುತಿಸುತ್ತದೆ ಅಂತ ಸುಮಾರು ಜನ ನಂಬಿದ್ದಾರೆ. ಹಾಗೇನೂ ಇಲ್ಲ. ಚಾಟ್‌ಜಿಪಿಟಿ ಬಂದ ಹೊಸತರಲ್ಲಿ ಬಂದ ಹೆಚ್ಚಿನ ಡಿಟೆಕ್ಟರ್‌ಗಳು ಮುಖ್ಯವಾಗಿ ನೋಡುತ್ತಿದ್ದದ್ದು ಒಂದೇ ಸಂಗತಿ: ಮುಂದಿನ ಪದ ಎಷ್ಟು ಸುಲಭವಾಗಿ ಊಹಿಸಬಹುದಾಗಿತ್ತು? ಈ ಊಹೆಯ ಲೆಕ್ಕ ಹಳೆಯದು. 1951ರಲ್ಲೇ ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್, ಇಂಗ್ಲಿಷ್ ಬರಹವನ್ನು ಒಂದೊಂದೇ ಅಕ್ಷರವಾಗಿ ಊಹಿಸಲು ಜನರಿಗೆ ಹೇಳಿ, ಅದು ಎಷ್ಟು ಊಹೆಗೆ ಸಿಗುತ್ತದೆ ಅಂತ ಅಳೆದಿದ್ದ. 1977ರಲ್ಲಿ ಐಬಿಎಂನ ಫ್ರೆಡ್ ಜೆಲಿನೆಕ್ ತಂಡ, ಮಾತು ಗುರುತಿಸುವ ಯಂತ್ರಗಳ ಕೆಲಸಕ್ಕಾಗಿ ‘ಪರ್‌ಪ್ಲೆಕ್ಸಿಟಿ’ ಎಂಬ ಅಳತೆ ತಂದಿತು. ಮುಂದಿನ ಪದ ಊಹಿಸುವ ಭಾಷಾ ಮಾದರಿಗಳು ಎಷ್ಟು ಚೆನ್ನಾಗಿ ಊಹಿಸುತ್ತವೆ ಅಂತ ನೋಡಲು ಬಳಕೆಯಾದ ಅಳತೆ ಇದು. ಈಗ ಅದೇ ಅಂಕಿಯಿಂದ ಬರೆದವರ ಪ್ರಾಮಾಣಿಕತೆ ಅಳೆಯಲು ಹೊರಟಿದ್ದೇವೆ.

ಲೆಕ್ಕ ಕಷ್ಟವೇನಲ್ಲ. ಸುಮ್ನೆ ಉದಾಹರಣೆಗೆ ನಾಲ್ಕು ಪದ ತೆಗೆದುಕೊಳ್ಳೋಣ. ಪ್ರತಿ ಪದವೂ ಬರುವ ಸಂಭವ ಎರಡರಲ್ಲಿ ಒಂದು ಅಂತ ಮಾದರಿ ಎಣಿಸಿತ್ತು ಅನ್ನಿ. ನಾಲ್ಕನ್ನೂ ಗುಣಿಸಿದರೆ 16ರಲ್ಲಿ ಒಂದು. 16ರ ನಾಲ್ಕನೇ ಮೂಲ 2. ಅದೇ ಪರ್‌ಪ್ಲೆಕ್ಸಿಟಿ. ಅಂದರೆ ಪ್ರತಿ ಹೆಜ್ಜೆಯಲ್ಲೂ ಮಾದರಿಗೆ ಸರಾಸರಿ ಎರಡು ಪದಗಳ ನಡುವೆ ಮಾತ್ರ ಗೊಂದಲ. ಪ್ರತಿ ಪದದ ಸಂಭವ ಎಂಟರಲ್ಲಿ ಒಂದಾಗಿದ್ದರೆ ಉತ್ತರ 8. ‘ವೆರಿ ಇಂಪಾರ್ಟೆಂಟ್’, ‘ಬಿಗ್ ಪ್ರಾಬ್ಲಮ್’ ತರಹದ ಜೋಡಿಗಳಲ್ಲಿ ಅಂಕಿ ಇಳಿಯುತ್ತದೆ. ಅಪರೂಪದ ಪದ, ವಿಚಿತ್ರ ತಿರುವು ಬಂದರೆ ಏರುತ್ತದೆ. ಚಾಟ್‌ಜಿಪಿಟಿ ಸಾಮಾನ್ಯವಾಗಿ ಸಂಭವ ಜಾಸ್ತಿ ಇರುವ ಪದಗಳನ್ನೇ ಆರಿಸುತ್ತದೆ, ಹಾಗಾಗಿ ಅದರ ಬರಹದ ಅಂಕಿ ಕಡಿಮೆ. ಇಷ್ಟು ನಿಜ. ಆದರೆ ಅಂಕಿ ಕಡಿಮೆ ಇದೆ, ಆದ್ದರಿಂದ ಯಂತ್ರವೇ ಬರೆದಿದೆ ಅನ್ನುವುದು ತಪ್ಪು ತರ್ಕ. ನಮ್ಮ ಮದುವೆ ಪತ್ರಿಕೆಯಲ್ಲಿ ‘ಸಹಕುಟುಂಬ’ ಅಂದ ಕೂಡಲೇ ‘ಸಪರಿವಾರ’ ಬರುತ್ತದೆ ಅಂತ ಎಲ್ಲರಿಗೂ ಗೊತ್ತು. ಅದನ್ನು ಬರೆಸಿದವರು ಹುಡುಗಿಯ ಅಪ್ಪ ಅಮ್ಮ, ಯಂತ್ರವಲ್ಲ. ಎರಡನೇ ಭಾಷೆಯಲ್ಲಿ ಬರೆಯುವವರ ಕೈಯಲ್ಲಿರುವ ಪದಗಳೇ ಕಡಿಮೆ, ಅವೂ ಎಲ್ಲರೂ ಬಳಸುವ ಪದಗಳು. ಅವರ ಅಂಕಿ ಇಳಿಯಲೇಬೇಕಲ್ವಾ?

2023ರಲ್ಲಿ ಸ್ಟ್ಯಾನ್‌ಫರ್ಡ್‌ನ ಜೇಮ್ಸ್ ಝೂ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿದರು. ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಏಳು ಡಿಟೆಕ್ಟರ್‌ಗಳಿಗೆ ಕೊಟ್ಟರು. ಸರಾಸರಿ ಅರ್ಧಕ್ಕಿಂತ ಜಾಸ್ತಿ ಪ್ರಬಂಧಗಳು ಎಐ ಅಂತ ಬಂದವು. 89 ಪ್ರಬಂಧಗಳ ಮೇಲೆ ಒಂದಾದರೂ ಡಿಟೆಕ್ಟರ್ ಬೆರಳು ತೋರಿಸಿತು. ಅಮೆರಿಕದ ಎಂಟನೇ ಕ್ಲಾಸಿನ ಮಕ್ಕಳ ಪ್ರಬಂಧಗಳಲ್ಲಿ ಈ ತಪ್ಪು ತೀರಾ ಕಡಿಮೆ.

ಆಮೇಲೆ ಮಾಡಿದ ಪ್ರಯೋಗ ನನ್ನನ್ನು ಇನ್ನೂ ಕಾಡುತ್ತದೆ. ಅದೇ ಟೋಫೆಲ್ ಪ್ರಬಂಧಗಳ ಪದಗಳನ್ನು ಇಂಗ್ಲಿಷ್ ಮಾತೃಭಾಷೆಯವರ ಹಾಗೆ ಶ್ರೀಮಂತ ಮಾಡು ಅಂತ ಚಾಟ್‌ಜಿಪಿಟಿಗೇ ಹೇಳಿದರು. ತಪ್ಪು ಆರೋಪ ಶೇ. 12ರ ಹತ್ತಿರಕ್ಕೆ ಇಳಿಯಿತು. ಸ್ವತಃ ಬರೆದಾಗ ಕಳ್ಳರಾದವರು, ಎಐ ಕೈಯಾಡಿಸಿದ ಮೇಲೆ ಪ್ರಾಮಾಣಿಕರಾದರು! ಅಮೆರಿಕದ ಮಕ್ಕಳ ಪ್ರಬಂಧಗಳ ಪದಗಳನ್ನು ಸರಳ ಮಾಡಿಸಿದಾಗ ಅವೂ ಅನುಮಾನಕ್ಕೆ ಸಿಕ್ಕವು.

91 ಪ್ರಬಂಧ ಸಣ್ಣ ಸಂಖ್ಯೆ, ನಿಜ. ಆಮೇಲೆ ಡಿಟೆಕ್ಟರ್‌ಗಳೂ ಬದಲಾಗಿವೆ. ಕೆಲವನ್ನು ಮನುಷ್ಯರ ಮತ್ತು ಯಂತ್ರದ ಬರಹ ಎರಡನ್ನೂ ತೋರಿಸಿ ತರಬೇತಿ ಕೊಟ್ಟು ತಯಾರಿಸುತ್ತಾರೆ. ಆಗ ಆ ಬರಹಗಳಲ್ಲಿ ನಮ್ಮ ಹುಡುಗರ ಇಂಗ್ಲಿಷ್ ಎಷ್ಟಿತ್ತು ಅನ್ನುವುದು ಮುಖ್ಯವಾಗುತ್ತದೆ. ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಕಂಪನಿಯೇ ತನ್ನ ಡಿಟೆಕ್ಟರನ್ನು 2023ರ ಜನವರಿಯಲ್ಲಿ ಬಿಟ್ಟು, ನಿಖರತೆ ಸಾಲದು ಅಂತ ಜುಲೈನಲ್ಲಿ ವಾಪಸ್ ತೆಗೆದುಕೊಂಡಿತು.

ಕಾಪಿ ಹಿಡಿಯುವ ಸಾಫ್ಟ್‌ವೇರ್ ಆದರೆ ಯಾವ ಪುಟದಿಂದ ಎತ್ತಿದ್ದು ಅಂತ ಮೂಲ ತೋರಿಸುತ್ತದೆ. ಅದನ್ನು ತೆರೆದು ಹೋಲಿಸಿ ನೋಡಬಹುದು. ಡಿಟೆಕ್ಟರ್ ಕೊಡುವ ಶೇಕಡಾವಾರಿನ ಹಿಂದೆ ಹಾಗೆ ತೆರೆದು ನೋಡುವ ಪುಟವೇ ಇಲ್ಲ. ಅನುಮಾನ ಬಂದ ಮೇಷ್ಟ್ರು ರಫ್ ಬುಕ್ ಕೇಳಲಿ. ಗೂಗಲ್ ಡಾಕ್ಸ್‌ನಲ್ಲಿ ಬರೆದಿದ್ದರೆ ವರ್ಷನ್ ಹಿಸ್ಟರಿ ತೆರೆದು ಬರಹ ಹೇಗೆ ಬೆಳೆಯಿತು ಅಂತ ನೋಡಲಿ. ಎದುರಿಗೆ ಕೂರಿಸಿಕೊಂಡು, ಕೆರೆಯಲ್ಲಿ ನೊರೆ ಯಾಕೆ ಬರುತ್ತೆ ಅಂತ ಕೇಳಲಿ. ಸೋಪಿನ ನೀರು, ಚರಂಡಿ ನೀರು ಕೆರೆಗೆ ಸೇರೋದನ್ನು ಅವಳು ಕನ್ನಡದಲ್ಲೇ ಹೇಳಿದರೂ ಸಾಕು, ವಿಷಯ ಅವಳಿಗೆ ಗೊತ್ತಿದೆಯೋ ಇಲ್ಲವೋ ಅಂತ ಐದು ನಿಮಿಷದಲ್ಲಿ ತಿಳಿಯುತ್ತದೆ.