ಫೈನಲ್ ಎಷ್ಟು ಸಾರ್?

ಹಳೇ ಕಾರಿನ ವ್ಯಾಪಾರದಲ್ಲಿ ಎಲ್ಲರೂ ಕೇಳುವ, ಯಾರೂ ನಿಜ ಹೇಳದ ಪ್ರಶ್ನೆ ಒಂದಿದೆ: "ಫೈನಲ್ ಎಷ್ಟು?" ಮಾರುವವರು ಒಂದು ಸಂಖ್ಯೆ ಹೇಳುತ್ತಾರೆ. ಅದು ಫೈನಲ್ ಅಲ್ಲ ಅಂತ ಕೇಳಿದವರಿಗೂ ಗೊತ್ತು. ನಿಜವಾದ ಫೈನಲ್ ಹೊಟ್ಟೆಯೊಳಗೆ ಇರುತ್ತದೆ. ಅರ್ಥಶಾಸ್ತ್ರದವರು ಅದಕ್ಕೆ ರಿಸರ್ವೇಶನ್ ಪ್ರೈಸ್ ಅನ್ನುತ್ತಾರೆ. ನಾವು ಕಡೇ ಬೆಲೆ ಅನ್ನೋಣ. ಮಾರುವವರಿಗೆ ಅದು ಇನ್ನು ಇಳಿಯಲಾರೆ ಅನ್ನುವ ಗೆರೆ, ಕೊಳ್ಳುವವರಿಗೆ ಇನ್ನು ಏರಲಾರೆ ಅನ್ನುವ ಗೆರೆ.

ಇದರಲ್ಲಿ ವಿಚಿತ್ರ ಏನೆಂದರೆ, ತಮ್ಮ ಕಡೇ ಬೆಲೆ ಎಷ್ಟು ಅಂತ ಬಹಳ ಜನರಿಗೆ ತಮಗೇ ಗೊತ್ತಿರುವುದಿಲ್ಲ. ಆಸೆಯ ಬೆಲೆಯನ್ನೇ ಕಡೇ ಬೆಲೆ ಅಂದುಕೊಂಡಿರುತ್ತಾರೆ. ಲೆಕ್ಕಕ್ಕೆಂದು ಇಬ್ಬರನ್ನು ಕಲ್ಪಿಸಿಕೊಳ್ಳೋಣ. ಮೈಸೂರಿನಲ್ಲಿ ರಿಟೈರಾದ ಒಬ್ಬರು ಮೇಷ್ಟ್ರು. ಅವರ ಹತ್ತಿರ 2016ರ ವ್ಯಾಗನ್ ಆರ್ ಇದೆ. ಪೆಟ್ರೋಲ್ ಗಾಡಿ, ಒಂದೇ ಓನರ್, 62,000 ಕಿಲೋಮೀಟರ್ ಓಡಿದೆ. ನೋಡಲು ಬಂದವಳು ಆಸ್ಪತ್ರೆಯಲ್ಲಿ ನರ್ಸ್. ನೈಟ್ ಡ್ಯೂಟಿ ಮುಗಿಸಿ ಬರಲು ಅವಳಿಗೊಂದು ಕಾರು ಬೇಕು.

ಮೇಷ್ಟ್ರು ಜಾಹೀರಾತಿನಲ್ಲಿ 3,40,000 ರೂಪಾಯಿ ಹಾಕಿದ್ದಾರೆ. ಯಾಕೆ ಅಂತ ಕೇಳಿದರೆ, ಹೊಸದು ತಂದಾಗ ಎಷ್ಟಾಯಿತು, ಸೀಟ್ ಕವರ್‌ಗೆ ಎಷ್ಟು, ಮ್ಯೂಸಿಕ್ ಸಿಸ್ಟಂಗೆ ಎಷ್ಟು ಅಂತ ಪಟ್ಟಿ ಬಿಚ್ಚುತ್ತಾರೆ. ಪಾಪ, ಆ ಪಟ್ಟಿಯ ಒಂದು ಸಾಲೂ ಕಡೇ ಬೆಲೆಯ ಲೆಕ್ಕಕ್ಕೆ ಬರುವುದಿಲ್ಲ. ಕಾರು ಮಾರಿದರೂ ಮಾರದಿದ್ದರೂ ಆ ದುಡ್ಡು ಹೋಗಿಯಾಗಿದೆ. ಲೆಕ್ಕಕ್ಕೆ ಬರುವ ಪ್ರಶ್ನೆ ಒಂದೇ: ಈ ಹುಡುಗಿ ಬೇಡ ಅಂತ ಹೊರಟುಹೋದರೆ ನಾಳೆ ಮೇಷ್ಟ್ರು ಏನು ಮಾಡುತ್ತಾರೆ?

ಅವರಿಗೆ ಎರಡು ದಾರಿಗಳಿವೆ. ಹಳೇ ಕಾರು ಕೊಳ್ಳುವ ಕಂಪನಿಯೊಂದು ಮನೆಗೆ ಬಂದು, ಗಾಡಿ ಪೂರ್ತಿ ಪರೀಕ್ಷೆ ಮಾಡಿ 2,60,000ಕ್ಕೆ ಕೇಳಿದೆ. ಅದು ಮೊದಲ ದಾರಿ. ಇನ್ನೊಂದು, ಒಂದು ತಿಂಗಳು ಕಾಯುವುದು. ಕಾದರೆ 3,00,000 ಕೊಡುವ ಗಿರಾಕಿ ಸಿಗಬಹುದು, ಸಿಗದೆಯೂ ಇರಬಹುದು. ಎರಡಕ್ಕೂ ಸಮಸಮ ಅವಕಾಶ ಅಂತ ಅವರ ಅಂದಾಜು. ಸಿಗದಿದ್ದರೆ ಮತ್ತೆ ಕಂಪನಿಗೇ ಹೋಗಬೇಕು, ಆಗ ಅವರು 2,50,000 ಅನ್ನುತ್ತಾರೆ. 3,00,000 ಮತ್ತು 2,50,000ದ ಸರಾಸರಿ 2,75,000. ಅಷ್ಟರಲ್ಲಿ ಇನ್ಶೂರೆನ್ಸ್ ಮುಗಿಯುತ್ತದೆ, ರಿನ್ಯೂ ಮಾಡಲು 7,000 ಬೇಕು. ಬಂದವರಿಗೆಲ್ಲ ಗಾಡಿ ತೊಳೆದು ತೋರಿಸುವ ತಲೆನೋವಿಗೆ 3,000 ಇಟ್ಟುಕೊಳ್ಳಿ. ಉಳಿಯುವುದು 2,65,000. ಇದು ಕಂಪನಿಯ ಬೆಲೆಗಿಂತ ಜಾಸ್ತಿ. ಹಾಗಾಗಿ ಮೇಷ್ಟ್ರ ಕಡೇ ಬೆಲೆ 2,65,000. ನರ್ಸ್ ಇದಕ್ಕಿಂತ ಒಂದು ರೂಪಾಯಿ ಕಮ್ಮಿ ಕೊಟ್ಟರೂ ಅವರು ಕಾಯುವುದೇ ಮೇಲು.

ಈಗ ಅವಳ ಕಡೆಯ ಲೆಕ್ಕ. ಇಂಥದೇ ಗಾಡಿ ಬೆಂಗಳೂರಿನ ಡೀಲರ್ ಹತ್ತಿರ 3,10,000ಕ್ಕೆ ಇದೆ. ಎರಡು ಸಲ ಹೋಗಿ ಬರುವ ಖರ್ಚು ಸೇರಿದರೆ 3,14,000. ಆದರೆ ಡೀಲರ್ ಆರು ತಿಂಗಳ ವಾರಂಟಿ ಕೊಡುತ್ತಾನೆ, ಮೇಷ್ಟ್ರು ಕೊಡುವುದಿಲ್ಲ. ಆ ನೆಮ್ಮದಿಗೆ 10,000 ಕಳೆಯಬೇಕು. ಮೇಷ್ಟ್ರ ಗಾಡಿಯ ನಾಲ್ಕೂ ಟೈರ್ ಸವೆದಿವೆ, ಅದಕ್ಕೆ 16,000. ಅದರ ಬದಲು ಇದು ಕಮ್ಮಿ ಓಡಿದೆ, ಒಂದೇ ಕೈಯಲ್ಲಿತ್ತು. ಅದಕ್ಕೆ ಅವಳು 7,000 ಸೇರಿಸುತ್ತಾಳೆ. ಮೊತ್ತ 2,95,000. ಇದು ಅವಳ ಕಡೇ ಬೆಲೆ. ಇದಕ್ಕಿಂತ ಮೇಲೆ ಹೋದರೆ ಬೆಂಗಳೂರಿನ ಬಸ್ ಹತ್ತುವುದೇ ಲಾಭ.

2,65,000ದಿಂದ 2,95,000ದವರೆಗೆ 30,000 ರೂಪಾಯಿ ಅಗಲದ ಒಂದು ಪಟ್ಟಿ ಕಾಣುತ್ತದೆ, ಅಲ್ವಾ? ಅದರೊಳಗೆ ಎಲ್ಲಿ ನಿಂತರೂ ಇಬ್ಬರಿಗೂ ಲಾಭವೇ. ಮಾತುಕತೆಯ ಶಾಸ್ತ್ರ ಇದನ್ನು ಝೋನ್ ಆಫ್ ಪಾಸಿಬಲ್ ಅಗ್ರಿಮೆಂಟ್, ಚಿಕ್ಕದಾಗಿ ಝೋಪಾ ಅನ್ನುತ್ತದೆ. ವ್ಯಾಪಾರ ಕುದುರಿತು ಅಂತ ನಾವು ಹೇಳುತ್ತೇವಲ್ಲ, ಅದು ಕುದುರುವುದು ಇಲ್ಲಿ ಮಾತ್ರ. ಹಾಗಾಗಿ ಕುದುರುವ ಜಾಗ ಅಂದರೆ ತಪ್ಪಿಲ್ಲ. 2,82,000ಕ್ಕೆ ಮುಗಿದರೆ ಮೇಷ್ಟ್ರಿಗೆ 17,000 ಲಾಭ, ಅವಳಿಗೆ 13,000. 2,70,000ಕ್ಕೆ ಮುಗಿದರೆ ಅವರಿಗೆ 5,000, ಅವಳಿಗೆ 25,000. ಕೂಡಿದರೆ ಯಾವಾಗಲೂ 30,000. ಚೌಕಾಸಿಯಿಂದ ಈ ಮೊತ್ತ ಬೆಳೆಯುವುದಿಲ್ಲ, ಹಂಚಿಕೆ ಮಾತ್ರ ಬದಲಾಗುತ್ತದೆ. ಬೆಂಗಳೂರಿನ ಡೀಲರ್ ಅದೇ ಗಾಡಿಯನ್ನು 2,70,000ಕ್ಕೆ ಕೊಡುತ್ತಿದ್ದರೆ ಅವಳ ಗೆರೆ ಮೇಷ್ಟ್ರ ಗೆರೆಗಿಂತ ಕೆಳಗೆ ಬೀಳುತ್ತಿತ್ತು. ಆಗ ಕುದುರುವ ಜಾಗವೇ ಇಲ್ಲ. ಎಷ್ಟು ಕಾಫಿ ಕುಡಿಸಿದರೂ ಅಷ್ಟೇ.

ಹಳೇ ಕಾರಿನಲ್ಲಿ ಈ ಗೆರೆಗಳು ನಿಂತಲ್ಲಿ ನಿಲ್ಲುವುದಿಲ್ಲ. ಗಾಡಿಯ ಒಳಗುಟ್ಟು ಮಾರುವವರಿಗೆ ಗೊತ್ತು, ಕೊಳ್ಳುವವರಿಗೆ ಗೊತ್ತಿಲ್ಲ. ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೇ ಕಾರನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಈ ವಿಷಯ ಬರೆದರು. 2001ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೂವರಲ್ಲಿ ಅವರೂ ಒಬ್ಬರು. ಗಾಡಿಯಲ್ಲಿ ಏನೋ ಐಬಿದೆ ಅನ್ನುವ ಅನುಮಾನ ಬಂದರೆ ಸಾಕು, ಕೊಳ್ಳುವವರು ಗೆರೆ ಇಳಿಸುತ್ತಾರೆ. ಐದರಲ್ಲಿ ಒಂದು ಪಾಲು ಎಂಜಿನ್ ಕೈಕೊಡಬಹುದು, ಕೊಟ್ಟರೆ 50,000 ಖರ್ಚು ಅಂತ ಅವಳಿಗೆ ಅನಿಸಿದರೆ 10,000 ಇಳಿಯಿತು. ಎಂಜಿನ್ ಚೆನ್ನಾಗಿಯೇ ಇದ್ದರೂ ಇಳಿಯಿತು.

ಅದಕ್ಕೇ ಸರ್ವಿಸ್ ರೆಕಾರ್ಡ್‌ಗೆ ಅಷ್ಟು ಬೆಲೆ. ಕಿಲೋಮೀಟರ್ ಮೀಟರನ್ನು ಹಿಂದಕ್ಕೆ ತಿರುಗಿಸುವುದು ಈಗ ಕಷ್ಟದ ಕೆಲಸವಲ್ಲ. ಆದರೆ ಸರ್ವಿಸ್ ಬಿಲ್‌ಗಳಲ್ಲಿ ವರ್ಷ ವರ್ಷ ಬರೆದ ಕಿಲೋಮೀಟರ್ ಇರುತ್ತದೆ, ಅದು ಹಿಂದಕ್ಕೆ ಹೋಗಿದ್ದರೆ ಸಿಕ್ಕಿಬೀಳುತ್ತದೆ. ಮೀಟರ್ 40,000 ತೋರಿಸುತ್ತಿದ್ದು, ಪೆಡಲ್ ರಬ್ಬರ್ ಸವೆದು ನುಣುಪಾಗಿದ್ದರೂ ಅನುಮಾನ ಪಡಬೇಕು. ಮೇಷ್ಟ್ರು ಫೈಲು ತಂದು ಮುಂದಿಟ್ಟಾಗ ಅವಳ ಗೆರೆ 2,95,000ದಲ್ಲೇ ಉಳಿಯುತ್ತದೆ. "ನಮ್ದು ಚಿನ್ನದಂಥ ಗಾಡಿ ಕಣಮ್ಮ" ಅನ್ನುವ ಮಾತಿಗೆ ಆ ಶಕ್ತಿ ಇಲ್ಲ.

ಆದರೆ ಅವಳ ಜೊತೆ ಮೆಕ್ಯಾನಿಕ್ ಬಂದಿದ್ದಾನೆ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಸದ್ದು ಏರುತ್ತದೆ, ಗಾಡಿ ಮಾತ್ರ ಅದಕ್ಕೆ ತಕ್ಕಂತೆ ಓಡುತ್ತಿಲ್ಲ. "ಕ್ಲಚ್ ಹೋಗಿದೆ ಮೇಡಂ, ಒಂಬತ್ತು ಸಾವಿರ" ಅಂದ. ಅವಳ ಗೆರೆ 2,86,000ಕ್ಕೆ ಬಂತು. ಮೇಷ್ಟ್ರ ಗೆರೆ ಕದಲಲಿಲ್ಲ. ಕ್ಲಚ್ ವಿಷಯ ಕಂಪನಿಯವರು ಮೊದಲೇ ಹೇಳಿದ್ದರು, ಅವರ ಲೆಕ್ಕದಲ್ಲಿ ಅದು ಸೇರಿಯಾಗಿದೆ. ಕುದುರುವ ಜಾಗ 21,000ಕ್ಕೆ ಕುಗ್ಗಿತು.

ಜಾಗ ಇದ್ದಮೇಲೆ ವ್ಯಾಪಾರ ಆಗಲೇಬೇಕಲ್ಲ ಅನಿಸುತ್ತದೆ. ಆಗಲೇಬೇಕೆಂದಿಲ್ಲ. ಕಲ್ಯಾಣ್ ಚಟರ್ಜಿ ಮತ್ತು ವಿಲಿಯಂ ಸ್ಯಾಮ್ಯುಯೆಲ್ಸನ್ 1983ರಲ್ಲಿ ಒಂದು ಸರಳ ಆಟ ಕಟ್ಟಿ ಇದನ್ನು ತೋರಿಸಿದರು. ಇಬ್ಬರೂ ಗುಟ್ಟಾಗಿ ಚೀಟಿಯಲ್ಲಿ ಬೆಲೆ ಬರೆಯಬೇಕು. ಕೊಳ್ಳುವವರು ಬರೆದ ಬೆಲೆ ಮಾರುವವರು ಬರೆದ ಬೆಲೆಯಷ್ಟೇ ಇದ್ದರೆ ಅಥವಾ ಹೆಚ್ಚಿದ್ದರೆ ನಡುವಿನ ಬೆಲೆಗೆ ವ್ಯಾಪಾರ. ಕಮ್ಮಿಯಿದ್ದರೆ ಮುಗಿಯಿತು, ಮನೆಗೆ. ನಿಜವಾದ ಕಡೇ ಬೆಲೆ ಬರೆದವರಿಗೆ ಲಾಭ ಸಣ್ಣದಾಗುತ್ತದೆ. ಹಾಗಾಗಿ ಮಾರುವವರು ಸ್ವಲ್ಪ ಏರಿಸಿ ಬರೆಯುತ್ತಾರೆ, ಕೊಳ್ಳುವವರು ಇಳಿಸಿ ಬರೆಯುತ್ತಾರೆ. ಎಷ್ಟು ಏರಿಸಬೇಕು, ಎಷ್ಟು ಇಳಿಸಬೇಕು ಅನ್ನುವುದಕ್ಕೂ ಲೆಕ್ಕವಿದೆ.

ಇಂಥ ಗಾಡಿಗೆ ಎದುರಿನವರ ಗೆರೆ 2,30,000ದಿಂದ 3,30,000ದೊಳಗೆ ಎಲ್ಲಿ ಬೇಕಾದರೂ ಇರಬಹುದು ಅಂತ ಇಬ್ಬರಿಗೂ ಗೊತ್ತಿದೆ ಅನ್ನಿ. ಚಟರ್ಜಿ ಮತ್ತು ಸ್ಯಾಮ್ಯುಯೆಲ್ಸನ್ ಸೂತ್ರದ ಪ್ರಕಾರ 2,65,000 ಗೆರೆಯ ಮೇಷ್ಟ್ರು ಹತ್ತಿರ ಹತ್ತಿರ 2,78,300 ಬರೆಯುತ್ತಾರೆ. ಕ್ಲಚ್ ಗೊತ್ತಾಗುವ ಮೊದಲಾಗಿದ್ದರೆ ನರ್ಸ್ 2,81,700 ಬರೆಯುತ್ತಿದ್ದಳು, 2,80,000ಕ್ಕೆ ಗಾಡಿ ಕೈಬದಲಾಗುತ್ತಿತ್ತು. ಈಗ ಅವಳು ಬರೆಯುವುದು 2,75,700. ವ್ಯಾಪಾರ ಮುರಿಯಿತು. 21,000 ರೂಪಾಯಿ ಲಾಭ ಇಬ್ಬರ ಮಧ್ಯೆ ಬಿದ್ದಿತ್ತು, ಯಾರೂ ಎತ್ತಿಕೊಳ್ಳಲಿಲ್ಲ. ಈ ಆಟದಲ್ಲಿ 2,30,000ದಿಂದ 3,30,000ದವರೆಗಿನ ಇಡೀ ಅಂತರದ ಕಾಲು ಭಾಗದಷ್ಟಾದರೂ, ಅಂದರೆ ಇಲ್ಲಿ 25,000ದಷ್ಟಾದರೂ ಜಾಗವಿದ್ದರೆ ಮಾತ್ರ ವ್ಯಾಪಾರ ಕುದುರುತ್ತದೆ. ಅದೇ ವರ್ಷ ರೋಜರ್ ಮಯರ್ಸನ್ ಮತ್ತು ಮಾರ್ಕ್ ಸ್ಯಾಟರ್ಥ್‌ವೇಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಇಬ್ಬರ ಗೆರೆಯೂ ಗುಟ್ಟಾಗಿದ್ದು, ಇಬ್ಬರಿಗೂ ಬೇಡವೆಂದು ಹೊರಡುವ ಸ್ವಾತಂತ್ರ್ಯ ಇರುವಾಗ, ಹೊರಗಿನಿಂದ ಯಾರೂ ದುಡ್ಡು ಹಾಕದೆ ಎಲ್ಲ ಲಾಭದ ವ್ಯಾಪಾರಗಳನ್ನೂ ಕುದುರಿಸುವ ನಿಯಮ ಯಾವುದೂ ಇರಲಾರದು ಅಂತ ಗಣಿತದಿಂದಲೇ ತೋರಿಸಿದರು. ಮೇಷ್ಟ್ರು ಮೊಂಡ, ಹುಡುಗಿ ಜಿಪುಣಿ ಅಂತ ಸುಮ್ನೆ ಬೈಯುವುದರಲ್ಲಿ ಅರ್ಥವಿಲ್ಲ.

ನಮ್ಮ ದನದ ಜಾತ್ರೆಗಳಲ್ಲಿ ಟವಲ್ ಕೆಳಗೆ ಬೆರಳು ಹಿಡಿದು ಬೆಲೆ ಹೇಳುವುದನ್ನು ನೋಡಿದಾಗೆಲ್ಲ ನನಗೆ ಈ ಚೀಟಿಯಾಟ ನೆನಪಾಗುತ್ತದೆ. ಸುತ್ತ ನಿಂತವರಿಗೆ ಬೆಲೆ ಕಾಣಬಾರದು ಅನ್ನುವುದು ಟವಲ್‌ನ ಒಂದು ಉಪಯೋಗ. ಇನ್ನೊಂದೂ ಇದೆ. ದಲ್ಲಾಳಿ ಇಬ್ಬರ ಬೆರಳನ್ನೂ ಬೇರೆ ಬೇರೆಯಾಗಿ ಮುಟ್ಟುತ್ತಾನೆ. ಎದುರಿನವರಿಗೆ ಹೇಳಲಾಗದ ಸಂಖ್ಯೆಯನ್ನು ಇವನಿಗೆ ಹೇಳಬಹುದು. ಹಾಗಂತ ಇವನ ಹತ್ತಿರವೂ ಪೂರ್ತಿ ನಿಜ ಹೊರಬರುವುದಿಲ್ಲ. ಜೊತೆಗೆ ಅವನ ಕಮಿಷನ್ನೂ ಅದೇ ಕುದುರುವ ಜಾಗದಿಂದ ಬರಬೇಕು. ಜಾಗ ಕಿರಿದಾಗಿದ್ದರೆ ಕಮಿಷನ್ನೇ ಅದನ್ನು ತಿಂದುಹಾಕುತ್ತದೆ.

ಮೇಷ್ಟ್ರ ಗಾಡಿಗೆ ನಿಜದಲ್ಲಿ ಚೀಟಿಯೂ ಇರಲಿಲ್ಲ, ದಲ್ಲಾಳಿಯೂ ಇರಲಿಲ್ಲ. ಮೊದಲ ದಿನ ಅವರು 2,80,000ದಲ್ಲಿ ನಿಂತರು, ಅವಳು 2,72,000ದಲ್ಲಿ ನಿಂತಳು. "ಯೋಚನೆ ಮಾಡ್ತೀನಿ ಸಾರ್" ಅಂತ ಹೋದಳು. ಎರಡು ದಿನ ಬಿಟ್ಟು ಬೆಂಗಳೂರಿಗೆ ಫೋನ್ ಮಾಡಿದರೆ ಆ ಗಾಡಿ ಮಾರಾಟವಾಗಿತ್ತು. ಅಂಥದೇ ಇನ್ನೊಂದಕ್ಕೆ 3,22,000 ಕೇಳಿದರು. ಆ ಒಂದು ಫೋನಿನಲ್ಲಿ ಅವಳ ಕಡೇ ಬೆಲೆ 12,000 ಏರಿ 2,98,000 ಆಯಿತು, ಕುದುರುವ ಜಾಗ 33,000ಕ್ಕೆ ಅಗಲವಾಯಿತು. ಮೇಷ್ಟ್ರಿಗೆ ಇದೊಂದೂ ಗೊತ್ತಿಲ್ಲ.

ಸಂಜೆ ಅವಳು ಮತ್ತೆ ಬಂದಳು. 2,78,000ಕ್ಕೆ ಮಾತು ಮುಗಿಯಿತು. ಆರ್‌ಸಿ ವರ್ಗಾವಣೆಯ ಫಾರಂಗಳಿಗೆ ಸಹಿ ಹಾಕುತ್ತಾ ಮೇಷ್ಟ್ರು, "ಕ್ಲಚ್ ಅಂತ ಹೇಳಿ ನನ್ನ ಕೈಯಿಂದ ಎರಡು ಸಾವಿರ ಇಳಿಸಿಬಿಟ್ಟೆ ಕಣಮ್ಮ" ಅಂದರು. ಅವರು ತಮ್ಮ ಗೆರೆಗಿಂತ 13,000 ಮೇಲಿದ್ದರು. ಅವಳು ತನ್ನ ಗೆರೆಗಿಂತ 20,000 ಕೆಳಗಿದ್ದಳು. ಬೆಂಗಳೂರಿನ ಗಾಡಿಯ ಸುದ್ದಿ ಮಾತ್ರ ಅವಳು ಎತ್ತಲಿಲ್ಲ.