ಸಾಕ್ಷಿ ಉಲ್ಟಾ ಹೊಡೆದರೆ ಬಲ್ಬಿನ ಬೆಳಕು ಎಲ್ಲಿ ಹೋಗುತ್ತದೆ?

ಹಾಸನದ ಕೋರ್ಟಿನ ಹತ್ತಿರದ ಟೀ ಅಂಗಡಿಯಲ್ಲಿ ಒಂದು ಮಾತು ಆಗಾಗ ಕಿವಿಗೆ ಬೀಳುತ್ತದೆ. “ಪೊಲೀಸರ ಹತ್ರ ಎಲ್ಲಾ ಹೇಳಿದ್ದ, ಅವರು ಬರ್ಕೊಂಡಿದಾರೆ. ಈಗ ಉಲ್ಟಾ ಹೊಡೆದ್ರೇನು, ಆ ಕಾಗದ ನೋಡಿ ಶಿಕ್ಷೆ ಕೊಡಬಹುದಲ್ವಾ?” ಕೊಡಲು ಆಗುವುದಿಲ್ಲ. ಯಾಕೆಂದು ತಿಳಿಯಲು ಒಂದು ಉದಾಹರಣೆ ಕಟ್ಟಿಕೊಳ್ಳೋಣ.

ಸಕಲೇಶಪುರದ ಕಡೆಯ ಒಂದು ಕಾಫಿ ತೋಟ. ರಾತ್ರಿ ಎಂಟು ಗಂಟೆ. ಲೈನ್ ಮನೆಯ ಮುಂದೆ ಜಗಳವಾಗಿ ಒಬ್ಬನ ಕೈಗೆ ಮಚ್ಚಿನೇಟು ಬೀಳುತ್ತದೆ. ಪಕ್ಕದ ಮನೆಯವನು ಪೊಲೀಸರಿಗೆ ಹೀಗೆ ಹೇಳುತ್ತಾನೆ: “ಜಗಲಿಯ ಬಲ್ಬ್ ಉರೀತಿತ್ತು. ಹೊಡೆದವನನ್ನು ನಾನೇ ನೋಡಿದೆ.” ಎರಡು ವರ್ಷದ ಮೇಲೆ ಕಟಕಟೆಯಲ್ಲಿ ನಿಂತು ಅವನೇ, “ನಾನು ಏನೂ ನೋಡಿಲ್ಲ” ಎನ್ನುತ್ತಾನೆ.

ಪೊಲೀಸರು ಬರೆದುಕೊಂಡ ಹೇಳಿಕೆಗೆ ಸಾಕ್ಷಿಯ ಸಹಿ ಇರುವುದಿಲ್ಲ. ಹೇಳುವಾಗ ಅವನು ಪ್ರಮಾಣ ಮಾಡಿರುವುದಿಲ್ಲ, ಎದುರು ಪಕ್ಷದ ವಕೀಲರು ಪ್ರಶ್ನೆ ಕೇಳಿರುವುದಿಲ್ಲ. ಹಾಗಾಗಿ ಕಾನೂನು ಅದನ್ನು ಸಾಕ್ಷ್ಯ ಎನ್ನುವುದಿಲ್ಲ. ಕೋರ್ಟಿನ ಮಾತಿಗೂ ಅದಕ್ಕೂ ತಾಳೆ ಬೀಳದಿದ್ದರೆ ಆ ವಿರೋಧವನ್ನು ತೋರಿಸಲು ಮಾತ್ರ ಅದು ಬಳಕೆಗೆ ಬರುತ್ತದೆ. ತಕ್ಕಡಿಯ ಬಟ್ಟಿನ ಹಾಗೆ. ಕಾಫಿ ಎಷ್ಟು ಕಮ್ಮಿ ಇದೆ ಎಂದು ಬಟ್ಟು ತೋರಿಸುತ್ತದೆ, ಆದರೆ ಕಮ್ಮಿ ಬಿದ್ದಷ್ಟಕ್ಕೆ ಬಟ್ಟನ್ನೇ ಮೂಟೆಗೆ ತುಂಬಲು ಆಗುವುದಿಲ್ಲ. ಬಡಗಿಯ ಅಡಿಕೋಲೂ ಅಷ್ಟೆ. ತೊಲೆ ಗಿಡ್ಡವಾಯಿತೆಂದು ಅದು ಹೇಳುತ್ತದೆ, ತಾನೇ ತೊಲೆಯಾಗಿ ಸೂರು ಹೊರುವುದಿಲ್ಲ.

ಸಾಕ್ಷಿ ತಿರುಗಿಬಿದ್ದಾಗ ಸರ್ಕಾರಿ ವಕೀಲರು ನ್ಯಾಯಾಧೀಶರ ಅನುಮತಿ ಪಡೆದು ತಮ್ಮದೇ ಸಾಕ್ಷಿಗೆ ಪಾಟೀ ಸವಾಲು ಹಾಕುತ್ತಾರೆ. ಮುಖ್ಯ ವಿಚಾರಣೆಯಲ್ಲಿ ಉತ್ತರವನ್ನು ಬಾಯಿಗೆ ತುರುಕುವಂಥ ಪ್ರಶ್ನೆ ಕೇಳುವಂತಿಲ್ಲ, ಇಲ್ಲಿ ಕೇಳಬಹುದು. 1872ರ ಸಾಕ್ಷ್ಯ ಕಾಯ್ದೆಯಲ್ಲಿ ಇದು 154ನೇ ಕಲಂ ಆಗಿತ್ತು. ಆ ಕಾಯ್ದೆಯ ಕರಡು ಬರೆದವರು ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್. 2024ರ ಜುಲೈ 1ರಿಂದ ಹೊಸ ಕಾಯ್ದೆ ಬಂದು ಕಲಂ ನಂಬರ್ 157 ಆಯಿತು, ಕೆಲಸ ಅದೇ.

ಅನುಮತಿ ಸಿಕ್ಕ ಮೇಲೆ ಹಳೆಯ ಹೇಳಿಕೆಯ ಆ ಸಾಲನ್ನೇ ಅವನಿಗೆ ಓದಿ ಹೇಳಬೇಕು. ಅವನು ಅಲ್ಲ ಎಂದರೆ ಆ ಭಾಗವನ್ನು ಗುರುತು ಮಾಡಿಸಬೇಕು. ಆಮೇಲೆ ತನಿಖಾಧಿಕಾರಿ ಕಟಕಟೆಗೆ ಬಂದಾಗ, “ಇದನ್ನು ಅವನೇ ಹೇಳಿದ್ದು” ಎಂದು ಅವರ ಬಾಯಿಂದ ಬರಿಸಬೇಕು. ಈ ಕೊನೆಯ ಪ್ರಶ್ನೆಯನ್ನು ಮರೆತರೆ ಹಿಂದೆ ಮಾಡಿದ್ದೆಲ್ಲ ದಂಡ. ಇಷ್ಟೆಲ್ಲ ಮಾಡಿದರೂ ಸಾಬೀತಾಗುವುದು ಅವನು ಮಾತು ಬದಲಿಸಿದ ಎಂಬುದಷ್ಟೆ. ಹೊಡೆದವರು ಯಾರು ಎನ್ನುವುದು ಹಾಗೇ ಉಳಿಯುತ್ತದೆ.

ದೇವರ ಮೇಲೆ ಆಣೆ ಮಾಡಿಸಿದರೆ ನಿಜ ತಾನಾಗಿ ಹೊರಬರುತ್ತದೆ ಎಂದು ನಮ್ಮಲ್ಲಿ ಇನ್ನೂ ಎಷ್ಟೋ ಜನ ನಂಬಿದ್ದಾರೆ. ಇದು ನನ್ನನ್ನು ಕಾಡುವ ವಿಷಯ. ಅದೇ ಸಾಕ್ಷಿ ಕಟಕಟೆಯಲ್ಲಿ ಪ್ರಮಾಣ ಮಾಡಿಯೇ ತಾನೇ “ನೋಡಿಲ್ಲ” ಎಂದದ್ದು? ಮಾತನ್ನು ಪರೀಕ್ಷಿಸುವುದು ಪ್ರಶ್ನೆ, ಆಣೆಯಲ್ಲ.

ಈಗ ಗಾಯಾಳುವಿನ ಸರದಿ. ಇಷ್ಟೇ ಸಾಕ್ಷಿಗಳು ಬೇಕೆಂದು ಕಾನೂನು ಹೇಳುವುದಿಲ್ಲ, ನಂಬುವಂತಿದ್ದರೆ ಇವನೊಬ್ಬನೇ ಸಾಕು. ಆರೋಪಿ ಪರ ವಕೀಲರು ಮಚ್ಚಿನ ಸುದ್ದಿಗೇ ಹೋಗುವುದಿಲ್ಲ, ಕತ್ತಲೆಯನ್ನು ಹಿಡಿಯುತ್ತಾರೆ. ಗಾಯಾಳು, “ಬಲ್ಬ್ ಬೆಳಕಲ್ಲಿ ಮುಖ ಕಂಡೆ” ಎನ್ನುತ್ತಾನೆ. ಪೊಲೀಸರಿಗೆ ಕೊಟ್ಟ ಹೇಳಿಕೆಯಲ್ಲಿ ಅವನು ಬಲ್ಬಿನ ಮಾತೇ ಎತ್ತಿಲ್ಲ. ಮುಖ್ಯವಾದ ಸಂಗತಿ ಬಿಟ್ಟುಹೋಗಿದ್ದರೆ ಅದೂ ವಿರೋಧಾಭಾಸ ಆಗಬಹುದು. ಬಲ್ಬಿನ ಬಗ್ಗೆ ಹೇಳಿದ್ದವನು ಪಕ್ಕದ ಮನೆಯವನು, ಅವನು ತಿರುಗಿಬಿದ್ದಿದ್ದಾನೆ. ಮಚ್ಚು ವಶಪಡಿಸಿಕೊಂಡ ಮಹಜರಿನ ಪಂಚರೂ, “ಸ್ಟೇಷನ್ನಿನಲ್ಲಿ ಸಹಿ ಹಾಕಿಸಿಕೊಂಡರು” ಎಂದುಬಿಟ್ಟರೆ ಮಚ್ಚಿಗೂ ಆರೋಪಿಗೂ ಇದ್ದ ಕೊಂಡಿ ಸಡಿಲವಾಗುತ್ತದೆ. ಹರಿತವಾದ ಆಯುಧದಿಂದ ಆದ ಗಾಯ ಎಂದು ಡಾಕ್ಟರು ಹೇಳಬಲ್ಲರು, ಯಾರ ಕೈಯಲ್ಲಿತ್ತು ಎಂದು ಹೇಳಲಾರರು. ಅನುಮಾನ ಹುಟ್ಟಿತು. ಅದರ ಲಾಭ ಆರೋಪಿಗೆ.

ಹಾಗಂತ ತಿರುಗಿಬಿದ್ದವನ ಮಾತೆಲ್ಲ ಕಸದ ಬುಟ್ಟಿಗೆ ಎನ್ನುವುದೂ ತಪ್ಪು. ನಂಬಲು ಯೋಗ್ಯವಾದ ಭಾಗವನ್ನು ಕೋರ್ಟ್ ತೆಗೆದುಕೊಳ್ಳಬಹುದು ಎಂದು ಸುಪ್ರೀಂ ಕೋರ್ಟ್ ಬಹಳ ಹಿಂದೆಯೇ, ಭಗವಾನ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಆದರೆ ಎಷ್ಟೋ ಸಲ ಸರ್ಕಾರಿ ವಕೀಲರ ಪಾಟೀ ಸವಾಲು “ಆರೋಪಿ ಹೊಡೆದಿದ್ದನ್ನು ನೋಡಿದ್ದೇನೆ ಎಂದರೆ ಸರಿಯಲ್ಲ, ಆರೋಪಿಯ ಜೊತೆ ಶಾಮೀಲಾಗಿದ್ದೇನೆ ಎಂದರೆ ಸರಿಯಲ್ಲ” ಎಂದು ಸಾಕ್ಷಿಯ ಉತ್ತರ ದಾಖಲಾಗುವ ಎರಡು ಸಾಲಲ್ಲೇ ಮುಗಿಯುತ್ತದೆ. ಅದು ಸುಮ್ನೆ ಶಾಸ್ತ್ರ. ಪಳಗಿದವರು ಆರೋಪಿಯ ಹೆಸರನ್ನು ಆಮೇಲೆ ಎತ್ತುತ್ತಾರೆ. ಆ ಲೈನಿನಲ್ಲಿ ಎಷ್ಟು ಮನೆ, ಜಗಲಿಗೆ ಕರೆಂಟ್ ಯಾವಾಗ ಬಂತು, ಆವತ್ತು ಊಟ ಎಷ್ಟು ಹೊತ್ತಿಗೆ ಎಂದು ಶುರು ಮಾಡುತ್ತಾರೆ. ಇವಕ್ಕೆ ಸುಳ್ಳು ಹೇಳಬೇಕೆಂದು ಸಾಕ್ಷಿಗೆ ಅನ್ನಿಸುವುದಿಲ್ಲ. ಕೊನೆಗೆ ಕೋರ್ಟಿನಲ್ಲಿ ಬರೆದುಕೊಳ್ಳುವ ಅವನ ಹೇಳಿಕೆಯ ಹಾಳೆಯಲ್ಲಿ ಒಂದು ಸಾಲು ದಾಖಲಾಗುತ್ತದೆ: “ಆ ದಿನ ರಾತ್ರಿ ಎಂಟು ಗಂಟೆಗೆ ನಮ್ಮ ಜಗಲಿಯ ಬಲ್ಬ್ ಉರಿಯುತ್ತಿತ್ತು ಎಂದರೆ ಸರಿ.” ಗಾಯಾಳು ಮುಖ ಕಂಡೆ ಎಂದದ್ದು ಆ ಬೆಳಕಿನಲ್ಲೇ.